ಕೇಸು ಹೋಗಿ ಗಂಟು ಬಂದದ್ದು: ಒಂದು ನಗೆ ದೃಶ್ಯದ ಅನುವಾದದ ಪ್ರಕರಣ

ಮೈಸೂರಿನ ಸರಸ್ವತಿಪುರಂನ ಒಂದು ಮನೆಯ ಮಹಡಿಯ ಮೇಲೆ ನಮ್ಮ ಹವ್ಯಾಸಿ ನಾಟಕ ತಂಡ ಸಂಜೆ ಹೊತ್ತು ತಾಲೀಮು ನಡೆಸುತ್ತದೆ. ಅಲ್ಲಿಗೆಂದು ಒಂದು ಇಂಗ್ಲಿಷ್ ಏಕಾಂಕವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸುಮಾರು 25 ನಿಮಿಷದ ನಾಟಕ. ಪ್ರಯಾಣಿಕರು ರೈಲಿನಲ್ಲಿ ಮರೆತು ಹೋದ ಸಾಮಾನನ್ನು ಜೋಪಾನ ಮಾಡುವ ಒಂದು ಕಚೇರಿ, ಅದರ ಕಿಟಕಿಯ ಹಿಂದೆ ಒಬ್ಬ ಗುಮಾಸ್ತ, ಪಕ್ಕದಲ್ಲಿ ಒಬ್ಬ ಪೋರ್ಟರ್, ಎದುರಿಗೆ ಸರದಿಯಲ್ಲಿ ನಿಂತ ಮೂವರು. ನಾಟಕದಲ್ಲಿ ಕಥೆ ಎನ್ನುವುದು ತೀರ ಕಡಿಮೆ. ಮಾತು ನಗಿಸಿದರೆ ನಾಟಕ ಉಂಟು, ಇಲ್ಲದಿದ್ದರೆ ಇಲ್ಲ. ಆ ನಾಟಕದ ಒಂದು ದೃಶ್ಯ ಕನ್ನಡದಲ್ಲಿ ಹೇಗೆ ಸತ್ತಿತು, ಮತ್ತೆ ಹೇಗೆ ಉಸಿರಾಡಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ರಂಗದ ಮೇಲೆ ನಟರು ಆಡುಮಾತಿನಲ್ಲೇ ನುಡಿದರು. ಓದುವ ಅನುಕೂಲಕ್ಕೆ ಇಲ್ಲಿ ಸಂಭಾಷಣೆಯನ್ನು ಗ್ರಾಂಥಿಕ ರೂಪದಲ್ಲಿ ಕೊಟ್ಟಿದ್ದೇನೆ.

ದೃಶ್ಯ ತೆರೆದುಕೊಳ್ಳುವುದೇ ಒಂದು ಚುಟುಕು ನಗೆಯಿಂದ. ಮೊದಲ ಪ್ರಯಾಣಿಕ ಬಂದು ‘ಐ ಹ್ಯಾವ್ ಲಾಸ್ಟ್ ಮೈ ಕೇಸ್’ ಎನ್ನುತ್ತಾನೆ. ಗುಮಾಸ್ತ ತಲೆಯೆತ್ತದೆ ‘ದೆನ್ ಯು ನೀಡ್ ಎ ಬೆಟರ್ ಲಾಯರ್, ಸರ್. ವಿ ಓನ್ಲಿ ಡೂ ಅಂಬ್ರೆಲಾಸ್’ ಎಂದು ಉತ್ತರಿಸುತ್ತಾನೆ. ಕೇಸ್ ಎಂದರೆ ಇಂಗ್ಲಿಷಿನಲ್ಲಿ ಪೆಟ್ಟಿಗೆಯೂ ಹೌದು, ಮೊಕದ್ದಮೆಯೂ ಹೌದು. ಪ್ರಯಾಣಿಕ ಪೆಟ್ಟಿಗೆ ಕಳೆದುಕೊಂಡು ಬಂದಿದ್ದಾನೆ. ಗುಮಾಸ್ತ ಅವನನ್ನು ಮೊಕದ್ದಮೆ ಸೋತವನೆಂದು ತಿಳಿದು ಒಳ್ಳೆಯ ವಕೀಲನನ್ನು ಹುಡುಕು, ನಮ್ಮಲ್ಲಿ ಕೊಡೆಗಳ ವ್ಯವಹಾರ ಮಾತ್ರ ಎನ್ನುತ್ತಿದ್ದಾನೆ.

ಅದರ ಬೆನ್ನಿಗೇ ಬರುವ ಇನ್ನೊಂದು ನಗೆ ಮಾತು ಕನ್ನಡಕ್ಕೆ ಸಲೀಸಾಗಿ ಬಂದುಬಿಟ್ಟಿತು. ಪ್ರಯಾಣಿಕ ಸಿಟ್ಟಿನಿಂದ ‘ನಾನು ತಾಳ್ಮೆ ಕಳೆದುಕೊಳ್ಳುತ್ತಿದ್ದೇನೆ’ ಎನ್ನುತ್ತಾನೆ. ಗುಮಾಸ್ತ ಪುಸ್ತಕ ತೆರೆದು ‘ಕೊನೆಯ ಸಲ ಅದನ್ನು ಎಲ್ಲಿ ಇಟ್ಟಿದ್ದಿರಿ?’ ಎಂದು ಕೇಳುತ್ತಾನೆ. ಕನ್ನಡದಲ್ಲಿಯೂ ತಾಳ್ಮೆಯನ್ನು ನಾವು ಕಳೆದುಕೊಳ್ಳುತ್ತೇವೆ, ಪೆಟ್ಟಿಗೆಯನ್ನೂ ಕಳೆದುಕೊಳ್ಳುತ್ತೇವೆ. ಎರಡು ಭಾಷೆಗಳ ನುಡಿಗಟ್ಟು ಇಲ್ಲಿ ಆಕಸ್ಮಿಕವಾಗಿ ಒಂದೇ ಆಗಿತ್ತು. ಈ ಅದೃಷ್ಟ ನನ್ನನ್ನು ದಾರಿ ತಪ್ಪಿಸಿತು ಎಂದು ಈಗ ಅನ್ನಿಸುತ್ತದೆ. ಇದು ಬಂದಂತೆ ಉಳಿದದ್ದೂ ಬರುತ್ತದೆ ಎಂದುಕೊಂಡು ಮೊದಲ ಕರಡನ್ನು ಎರಡೇ ದಿನದಲ್ಲಿ ಮುಗಿಸಿದೆ.

ಮೊದಲ ಓದು

ಮೊದಲ ಕರಡಿನಲ್ಲಿ ಆ ಮಾತು ಹೀಗಿತ್ತು: ‘ನನ್ನ ಕೇಸು ಕಳೆದುಹೋಗಿದೆ.’ ‘ಹಾಗಾದರೆ ನೀವು ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳಬೇಕು. ಇಲ್ಲಿ ನಾವು ಕೊಡೆಗಳನ್ನು ಮಾತ್ರ ನೋಡಿಕೊಳ್ಳುತ್ತೇವೆ.’ ಕೇಸು ಎಂಬ ಪದ ಕನ್ನಡದಲ್ಲಿ ಮನೆಮಾತಾಗಿದೆ, ಸೂಟ್‌ಕೇಸನ್ನೂ ಎಲ್ಲರೂ ಬಲ್ಲರು, ಆದ್ದರಿಂದ ಹೊಂದುತ್ತದೆ ಎಂಬುದು ನನ್ನ ಲೆಕ್ಕ.

ಓದಿಗೆ ಕುಳಿತವರು ಸುಮಾರು ಹದಿನೈದು ಜನ. ನಾನು ಇಂಥ ಓದುಗಳಲ್ಲಿ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತೇನೆ. ನಗು ತಕ್ಷಣ ಬಂದರೆ ಒಂದು ಗೆರೆ. ಒಂದೆರಡು ಕ್ಷಣ ತಡವಾಗಿ ಬಂದರೆ ಚುಕ್ಕೆ. ಬಾರದಿದ್ದರೆ ಸೊನ್ನೆ. ತಡವಾದ ನಗುವಿಗೆ ಬೇರೆ ಗುರುತು ಏಕೆಂದರೆ, ಕೇಳಿದವರು ಒಗಟು ಬಿಡಿಸಿದ್ದಾರೆ ಎಂದು ಅದು ಹೇಳುತ್ತದೆ. ಒಗಟು ಬಿಡಿಸಿದ ಸಂತೋಷದಿಂದಲೂ ಜನ ನಗುತ್ತಾರೆ. ಆದರೆ ರಂಗದ ಮೇಲೆ ಅಷ್ಟರಲ್ಲಿ ಮುಂದಿನ ಮಾತು ಬಂದು ಹೋಗಿರುತ್ತದೆ.

ಕೇಸಿನ ಮಾತಿಗೆ ಮುಂದಿನ ಸಾಲಿನ ನಾಲ್ಕೈದು ಜನ ತಕ್ಷಣ ನಕ್ಕರು. ನಾನು ಖುಷಿಯಿಂದ ಗೆರೆ ಎಳೆದೆ. ನಮ್ಮ ನಿರ್ದೇಶಕರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತೇವೆ. ಅವರು ಓದು ಮುಗಿದ ಮೇಲೆ ನನ್ನ ಪ್ರತಿಯನ್ನು ತೆಗೆದುಕೊಂಡು ಆ ಗೆರೆಯ ಮೇಲೆ ಬೆರಳಿಟ್ಟು, ‘ಇಲ್ಲಿ ನಕ್ಕವರು ಯಾರು ನೋಡಿದಿರಾ?’ ಎಂದರು. ನಕ್ಕವರೆಲ್ಲ ಇಂಗ್ಲಿಷ್ ಪಾಠ ಮಾಡಿದವರು, ಇಂಗ್ಲಿಷ್ ನಾಟಕ ಓದಿದವರು. ಅವರ ಕಿವಿಗೆ ಬಿದ್ದದ್ದು ಕನ್ನಡದ ಮಾತು, ಆದರೆ ತಲೆಯೊಳಗೆ ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಅಲ್ಲಿಯ ಹಾಸ್ಯಕ್ಕೆ ನಕ್ಕಿದ್ದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಟರ ಮನೆಯವರಿಗೆ ಏನೂ ತಟ್ಟಿರಲಿಲ್ಲ.

ಮೈಸೂರಿನಂಥ ಊರಿನಲ್ಲಿ ಅನುವಾದಕನಿಗೆ ಇರುವ ದೊಡ್ಡ ಅಪಾಯ ಇದು. ಎರಡೂ ಭಾಷೆ ಬಲ್ಲ ಸ್ನೇಹಿತರು ಇಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ, ಅವರ ಮುಂದೆ ಓದಿದರೆ ಸತ್ತ ಹಾಸ್ಯವೂ ಬದುಕಿದಂತೆ ಕಾಣುತ್ತದೆ. ಕೈಲಾಸಂ ಕನ್ನಡಕ್ಕೆ ಇಂಗ್ಲಿಷನ್ನು ಬೆರೆಸಿ ನಗಿಸಿದಾಗ ಎರಡೂ ಭಾಷೆ ಕಿವಿಗೆ ಬೀಳುವುದೇ ಆ ನಗೆಯ ಜೀವವಾಗಿತ್ತು. ಅನುವಾದದಲ್ಲಿ ಹಾಗಲ್ಲ. ಮೂಲಭಾಷೆ ಬಾರದವರು ನಕ್ಕರೆ ಮಾತ್ರ ಅದಕ್ಕೆ ಲೆಕ್ಕ. ಅಂದಿನಿಂದ ನಾನು ಮುಂದಿನ ಸಾಲಿನ ನಗುವಿಗೆ ಗುರುತು ಹಾಕುವುದನ್ನು ನಿಲ್ಲಿಸಿದೆ.

ಸತ್ತದ್ದು ಎಲ್ಲಿ

ಮರುದಿನ ಆ ಎರಡು ಸಾಲನ್ನು ಬಿಚ್ಚಿ ನೋಡಿದೆ. ತೊಂದರೆ ಕೇಸು ಎಂಬ ಒಂದು ಪದದಲ್ಲಿದೆ ಎಂದುಕೊಂಡಿದ್ದೆ. ಅದು ಮೂರು ಕಡೆ ಇತ್ತು.

ಮೊದಲನೆಯದು ನಿರೀಕ್ಷಿಸಿದ್ದೇ. ಕನ್ನಡದಲ್ಲಿ ಕೇಸು ಎಂದರೆ ಪೊಲೀಸು ಅಥವಾ ಕೋರ್ಟು. ಪೆಟ್ಟಿಗೆಯನ್ನು ನಾವು ಸೂಟ್‌ಕೇಸ್ ಎಂದು ಇಡಿಯಾಗಿ ಹೇಳುತ್ತೇವೆ, ಬರಿದೆ ಕೇಸು ಎಂದು ಯಾರೂ ಕರೆಯುವುದಿಲ್ಲ. ಹೀಗಾಗಿ ಪ್ರಯಾಣಿಕ ಬಾಯಿ ತೆರೆದಾಗಲೇ ಕೇಳುವವರ ಮನಸ್ಸಿನಲ್ಲಿ ಕೋರ್ಟು ಬಂದು ಕುಳಿತಿತ್ತು, ಪೆಟ್ಟಿಗೆ ಬರಲೇ ಇಲ್ಲ. ಗುಮಾಸ್ತ ವಕೀಲರ ಮಾತೆತ್ತಿದಾಗ ಅವರಿಗೆ ಅದು ಸಹಜವಾದ ಸಲಹೆಯಾಗಿ ಕೇಳಿಸಿತು.

ಎರಡನೆಯದನ್ನು ನಾನು ಗಮನಿಸಿಯೇ ಇರಲಿಲ್ಲ. ಇಂಗ್ಲಿಷಿನ ‘ಲಾಸ್ಟ್’ ಎಂಬ ಕ್ರಿಯಾಪದ ಕಳೆದುಕೊಳ್ಳುವುದಕ್ಕೂ ಸೋಲುವುದಕ್ಕೂ ಒಂದೇ. ಕನ್ನಡದಲ್ಲಿ ಪೆಟ್ಟಿಗೆ ಕಳೆದುಹೋಗುತ್ತದೆ, ಕೇಸು ಸೋತುಹೋಗುತ್ತದೆ ಅಥವಾ ಬಿದ್ದುಹೋಗುತ್ತದೆ. ಮೂಲದ ಹಾಸ್ಯ ಎರಡು ಜೋಡಿ ಅರ್ಥಗಳ ಮೇಲೆ, ಎರಡು ಕಾಲಿನ ಮೇಲೆ ನಿಂತಿತ್ತು. ನಾನು ಒಂದು ಕಾಲನ್ನು ಎರವಲು ಪದದಿಂದ ಕಟ್ಟಿ, ಇನ್ನೊಂದು ಮುರಿದದ್ದನ್ನು ನೋಡದೆ ಬಿಟ್ಟಿದ್ದೆ.

ಮೂರನೆಯದು ವಾಕ್ಯದ ಜೋಡಣೆ. ಇಂಗ್ಲಿಷ್ ವಾಕ್ಯ ‘ಅಂಬ್ರೆಲಾಸ್’ ಎಂಬ ನಾಮಪದದ ಮೇಲೆ ಮುಗಿಯುತ್ತದೆ. ನಗು ಸಿಡಿಯುವ ಪದವೇ ಕೊನೆಯ ಪದ. ಅದಾದ ಮೇಲೆ ಮೌನ, ಆ ಮೌನದಲ್ಲಿ ನಗುವಿಗೆ ಜಾಗ. ಕನ್ನಡ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಿಂದ ಮುಗಿಯುತ್ತದೆ. ನನ್ನ ಅನುವಾದದಲ್ಲಿ ಕೊಡೆ ನಡುವೆ ಬಂದು, ಅದರ ಮೇಲೆ ‘ಗಳನ್ನು ಮಾತ್ರ ನೋಡಿಕೊಳ್ಳುತ್ತೇವೆ’ ಎಂಬ ಉದ್ದನೆಯ ಬಾಲ ಬಿದ್ದಿತ್ತು. ಜನ ಕೊಡೆಯನ್ನು ಕೇಳಿ ನಗಲು ಬಾಯಿ ತೆರೆಯುವಷ್ಟರಲ್ಲಿ ನಟ ಇನ್ನೂ ಮಾತಾಡುತ್ತಲೇ ಇರುತ್ತಾನೆ. ಅರ್ಥವೆಲ್ಲ ಸರಿಯಾಗಿದ್ದೂ ಹಾಸ್ಯ ಕೆಡುವುದು ಎಷ್ಟೋ ಸಲ ಈ ಬಾಲದಿಂದಲೇ ಎಂಬುದು ನನ್ನ ಅನುಭವ, ಮತ್ತು ಅನುವಾದಕರು ತೀರ ಕಡಿಮೆ ನೋಡುವುದೂ ಇದನ್ನೇ.

ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು

ಇಂಥ ಹೊತ್ತಿನಲ್ಲಿ ಸಾಲ್ವತೋರೆ ಅತ್ತಾರ್ಡೊ ಮತ್ತು ವಿಕ್ಟರ್ ರಾಸ್ಕಿನ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು 1991ರಲ್ಲಿ ಮುಂದಿಟ್ಟ ವಿಚಾರ ಕೈಹಿಡಿಯುತ್ತದೆ. ಒಂದು ಹಾಸ್ಯದಲ್ಲಿ ಆರು ಪದರಗಳಿರುತ್ತವೆ ಎನ್ನುತ್ತಾರೆ ಅವರು. ಎಲ್ಲಕ್ಕಿಂತ ಮೇಲಿನದು ಒಂದಕ್ಕೊಂದು ಡಿಕ್ಕಿ ಹೊಡೆಯುವ ಎರಡು ಅರ್ಥಲೋಕ. ಅದರ ಕೆಳಗೆ ಆ ಎರಡನ್ನು ಜೋಡಿಸುವ ಯುಕ್ತಿ, ಆಮೇಲೆ ಸನ್ನಿವೇಶ, ನಗೆಗೆ ಗುರಿಯಾದವರು, ಹೇಳುವ ರೀತಿ, ಎಲ್ಲಕ್ಕಿಂತ ಕೆಳಗೆ ಭಾಷೆ, ಅಂದರೆ ನಿಜವಾಗಿ ಬಳಸಿದ ಪದಗಳು. ಅನುವಾದದಲ್ಲಿ ಆರನ್ನೂ ಉಳಿಸಲಾಗದಿದ್ದರೆ ಕೆಳಗಿನಿಂದ ಬಿಡುತ್ತ ಬನ್ನಿ, ಮೇಲಿನದನ್ನು ಕೊನೆಯವರೆಗೂ ಹಿಡಿದುಕೊಳ್ಳಿ ಎಂದು ಅತ್ತಾರ್ಡೊ ಮುಂದೆ ಅನುವಾದಕರಿಗೆ ಹೇಳಿದರು. ಶ್ಲೇಷೆಯ ವಿಷಯದಲ್ಲಿ ಈ ಏಣಿ ಅಷ್ಟು ಸಲೀಸಲ್ಲ. ಅಲ್ಲಿ ಯುಕ್ತಿಯೇ ಪದದೊಳಗೆ ಹೂತಿರುತ್ತದೆ, ಪದ ಬಿಟ್ಟರೆ ಯುಕ್ತಿಯೂ ಹೋಗುತ್ತದೆ. ಆದರೂ ಹುಡುಕಾಟಕ್ಕೆ ಅದು ಒಂದು ದಿಕ್ಕು ಕೊಟ್ಟಿತು: ಕೇಸು ಎಂಬ ಪದ ಬೇಡ, ಕಳೆದುಹೋದ ಸಾಮಾನು ಒಂದು ಕಡೆ, ಕೋರ್ಟು ಇನ್ನೊಂದು ಕಡೆ, ಇವೆರಡನ್ನೂ ಒಂದೇ ಬಾಯಲ್ಲಿ ಹೇಳುವ ಅಪ್ಪಟ ಕನ್ನಡದ ಪದ ಬೇಕು.

ಮೊದಲು ‘ಕಳೆ’ಯ ಬೆನ್ನು ಹತ್ತಿದೆ. ಕನ್ನಡದಲ್ಲಿ ಇದು ಬಹಳ ಫಲವತ್ತಾದ ಪದ. ಸಾಮಾನು ಕಳೆಯುತ್ತೇವೆ, ಕಾಲ ಕಳೆಯುತ್ತೇವೆ, ಲೆಕ್ಕದಲ್ಲಿ ಕಳೆಯುತ್ತೇವೆ, ಗದ್ದೆಯಲ್ಲಿ ಕಳೆ ಕೀಳುತ್ತೇವೆ, ಮುಖದಲ್ಲಿ ಕಳೆ ಇರುತ್ತದೆ. ‘ಏನು ಕಳೆದಿದೆ?’ ‘ಮುಖದ ಕಳೆ’ ಎಂದು ಒಂದು ಬರೆದೆ. ಕೇಳಲು ಸೊಗಸಾಗಿತ್ತು, ಆದರೆ ಅದರಲ್ಲಿ ಡಿಕ್ಕಿ ಇರಲಿಲ್ಲ. ಬರೀ ಪದದ ಆಟ. ಗುಮಾಸ್ತನ ಮೊಂಡುತನವಾಗಲೀ ಪ್ರಯಾಣಿಕನ ಪೇಚಾಟವಾಗಲೀ ಅದರಲ್ಲಿ ಕಾಣಲಿಲ್ಲ. ಬಿಟ್ಟೆ.

ಆಮೇಲೆ ಸಾಮಾನಿನ ಕಡೆಯಿಂದ ಹುಡುಕಿದೆ. ಪೆಟ್ಟಿಗೆ, ಚೀಲ, ಹೊರೆ, ಮೂಟೆ, ಗಂಟು ಎಂದು ಒಂದೊಂದನ್ನೇ ಬರೆದು ಎದುರಿಗೆ ಅದರ ಬೇರೆ ಅರ್ಥಗಳನ್ನು ಬರೆಯುತ್ತ ಹೋದೆ. ಗಂಟು ಎಂಬಲ್ಲಿ ಕೈ ನಿಂತಿತು. ಗಂಟು ಎಂದರೆ ಸಾಮಾನಿನ ಮೂಟೆ. ಗಂಟು ಎಂದರೆ ದಾರಕ್ಕೆ ಹಾಕುವ ಗಂಟು. ಮೂರು ಗಂಟು ಎಂದರೆ ತಾಳಿ. ಮೂರು ಗಂಟು ಬಿಚ್ಚಿಹೋದರೆ ಹೋಗಬೇಕಾದದ್ದು ಕೋರ್ಟಿಗೇ! ಮೂಲದ ಎರಡೂ ಲೋಕಗಳು, ಸಾಮಾನು ಮತ್ತು ಕೋರ್ಟು, ಒಂದೂ ತಪ್ಪದೆ ಕನ್ನಡದ ಒಂದು ಪದದೊಳಗೆ ಕಾದು ಕುಳಿತಿದ್ದವು. ಎರಡನೆಯ ಕರಡು ಹೀಗಾಯಿತು:

‘ಸ್ವಾಮಿ, ನನ್ನ ಗಂಟು ಹೋಯಿತು.’
‘ಎಷ್ಟು ಗಂಟು?’
‘ಮೂರು. ನಾನೇ ಕೈಯಾರೆ ಕಟ್ಟಿದ್ದು.’
‘ಮೂರು ಗಂಟು ಬಿಚ್ಚಿಹೋದರೆ ಹೋಗಬೇಕಾದದ್ದು ಕೋರ್ಟಿಗೆ. ಇಲ್ಲಿ ಇರುವುದು ಬರೀ ಕೊಡೆ.’

ಕೊನೆಯ ವಾಕ್ಯವನ್ನು ಗಮನಿಸಿ. ‘ಇಲ್ಲಿ ಇರುವುದು’ ಎಂದು ಕ್ರಿಯಾಪದವನ್ನು ನಾಮಪದವಾಗಿಸಿ ಮೊದಲೇ ಹೇಳಿಬಿಟ್ಟರೆ ವಾಕ್ಯದ ಕೊನೆ ಖಾಲಿಯಾಗುತ್ತದೆ, ಅಲ್ಲಿ ಕೊಡೆಯನ್ನು ಇಡಬಹುದು. ‘ಅವನು ನನ್ನ ತಮ್ಮ’ ಎನ್ನುವಾಗ ಕ್ರಿಯಾಪದವೇ ಬೇಕಿಲ್ಲದ ಭಾಷೆ ನಮ್ಮದು. ‘ನಾನು ಕೇಳಿದ್ದು ನೀರು, ಅವನು ತಂದದ್ದು ಮಜ್ಜಿಗೆ’ ಎಂದು ದಿನವೂ ಆಡುತ್ತೇವೆ. ಈ ಜೋಡಣೆ ನಮಗೆ ಸಹಜ. ಇಂಗ್ಲಿಷ್ ವಾಕ್ಯದ ಕೊನೆಯ ಪದ ನಗಿಸುತ್ತಿದೆ ಎಂದು ಕಂಡಾಗಲೆಲ್ಲ ನಾನು ಈಗ ಮೊದಲು ಮಾಡುವುದು ಇದನ್ನೇ.

ಪದ ಸಿಕ್ಕಿತು ಎಂದು ಕೆಲಸ ಮುಗಿಯಲಿಲ್ಲ. ಮೂರು ಗಂಟು ಬಂದರೆ ಅದರ ಜೊತೆಗೆ ನಮ್ಮ ಮದುವೆಯೂ ಬರುತ್ತದೆ. ಮೇಷ್ಟ್ರು ಪಾತ್ರಗಳ ಇಂಗ್ಲಿಷ್ ಹೆಸರನ್ನು ಹಾಗೆಯೇ ಇಡಬೇಕೆಂದಿದ್ದರು. ಕೋಟು ತೊಟ್ಟ ಇಂಗ್ಲಿಷ್ ಪ್ರಯಾಣಿಕ ತಾಳಿ ಕಟ್ಟುವುದೆಂತು? ಒಂದು ವಾರ ವಾದ ನಡೆಯಿತು. ಕೊನೆಗೆ ಯಾವುದೋ ಒಂದು ಜಂಕ್ಷನ್ ಎಂದಿಟ್ಟುಕೊಂಡು, ಪಾತ್ರಗಳ ಹೆಸರನ್ನೇ ತೆಗೆದೆವು. ಅದಕ್ಕಿಂತ ದೊಡ್ಡ ತೊಡಕು ನಾಟಕದ ಕೊನೆಯಲ್ಲಿತ್ತು. ಈ ಪ್ರಯಾಣಿಕ ಅವಿವಾಹಿತ, ಮನೆಯಲ್ಲಿ ಅವನ ತಾಯಿ ಮಾತ್ರ ಇದ್ದಾರೆ ಎಂಬುದು ಅಲ್ಲಿ ಮುಖ್ಯವಾಗುತ್ತದೆ. ನನ್ನ ಶ್ಲೇಷೆ ಅವನಿಗೆ ಸುಮ್ಮನೆ ಒಂದು ಮದುವೆ ಮಾಡಿಸಿಬಿಟ್ಟಿತ್ತು. ಹೊಸ ಹಾಸ್ಯ ಹಾಕಿದಾಗ ಅದು ಕಥೆಗೆ ಹೊಸ ಸಂಗತಿಯನ್ನು ಸೇರಿಸಿದೆಯೇ ಎಂದು ಕೊನೆಯ ಪುಟದವರೆಗೂ ಹೋಗಿ ನೋಡದಿದ್ದರೆ ಆಗುವುದು ಹೀಗೆ.

ತೆಗೆದುಹಾಕುವುದಕ್ಕೆ ಮನಸ್ಸಾಗಲಿಲ್ಲ. ಪ್ರಯಾಣಿಕನೇ ಪ್ರತಿಭಟಿಸಲಿ ಎಂದುಕೊಂಡು ಒಂದು ಸಾಲು ಸೇರಿಸಿದೆ: ‘ಅಯ್ಯೋ, ನನಗೆ ಇನ್ನೂ ಮದುವೆಯೇ ಆಗಿಲ್ಲ!’ ಬರೆದ ಕೂಡಲೇ ಗುಮಾಸ್ತನ ಉತ್ತರ ತಾನಾಗಿ ಬಂತು: ‘ಕಟ್ಟುವ ಮೊದಲೇ ಬಿಚ್ಚಿತೇ?’

ಎರಡನೆಯ ಓದಿನ ದಿನ ಕೆಳಗಿನ ಅಂಗಡಿಯಿಂದ ಚಹಾ ತರುವ ಅಕ್ಕ ಖಾಲಿ ಲೋಟಗಳನ್ನು ಒಯ್ಯಲು ಬಂದು, ದೃಶ್ಯ ನಡೆಯುತ್ತಿದ್ದುದರಿಂದ ಬಾಗಿಲಲ್ಲೇ ನಿಂತಿದ್ದರು. ‘ಮೂರು. ನಾನೇ ಕೈಯಾರೆ ಕಟ್ಟಿದ್ದು’ ಎಂದಾಗಲೇ ಅವರ ಮುಖ ಅರಳಿತು, ಗುಮಾಸ್ತನ ಮಾತು ಬರುವ ಮೊದಲೇ. ‘ಕಟ್ಟುವ ಮೊದಲೇ ಬಿಚ್ಚಿತೇ’ ಎಂದಾಗ ಅವರು ನಕ್ಕ ರಭಸಕ್ಕೆ ಕೈಯಲ್ಲಿದ್ದ ತಂತಿಯ ಬುಟ್ಟಿಯ ಲೋಟಗಳೆಲ್ಲ ಗಲಗಲ ಎಂದವು. ಅಂಚಿನಲ್ಲಿ ಗೆರೆ ಎಳೆದೆ. ಈ ಸಲ ಮೇಷ್ಟ್ರು ಏನೂ ಕೇಳಲಿಲ್ಲ.

ಒಂದು ಅಡ್ಡಮಾತು. ಕೊಡೆಗೆ ನಮ್ಮಲ್ಲಿ ಛತ್ರಿ ಎಂಬ ಪದವೂ ಚಾಲ್ತಿಯಲ್ಲಿದೆ. ನಟ ಒಂದು ದಿನ ಬಾಯಿ ತಪ್ಪಿ ‘ಇಲ್ಲಿ ಇರುವುದು ಬರೀ ಛತ್ರಿಗಳು’ ಎಂದುಬಿಟ್ಟ. ಎಲ್ಲಕ್ಕಿಂತ ದೊಡ್ಡ ನಗು ಅಂದು ಬಂತು, ಏಕೆಂದರೆ ಛತ್ರಿ ಎಂದರೆ ವಂಚಕ ಎಂಬ ಅರ್ಥವೂ ಇದೆ. ಅದನ್ನೇ ಇಟ್ಟುಕೊಳ್ಳೋಣ ಎಂದು ತಂಡದವರೆಲ್ಲ ಹಟ ಹಿಡಿದರು. ನಾನು ಒಪ್ಪಲಿಲ್ಲ. ಕಚೇರಿಯವರೆಲ್ಲ ವಂಚಕರು ಎಂದು ಗುಮಾಸ್ತನೇ ಹೇಳಿಕೊಂಡಂತಾಗಿ, ಗಂಟು ಮತ್ತು ಕೋರ್ಟಿನ ಡಿಕ್ಕಿ ಅದರ ಕೆಳಗೆ ಹುಗಿದುಹೋಗಿತ್ತು. ಮುಂದಿನ ಮದುವೆಯ ಮಾತು ಯಾರಿಗೂ ಕೇಳಿಸಿರಲೇ ಇಲ್ಲ. ಜೋರಾಗಿ ಬಂದ ನಗು ಸರಿಯಾದ ನಗು ಆಗಿರಬೇಕಿಲ್ಲ.

ನಾಯಿಯ ವ್ಯಾಕರಣ

ಎರಡನೆಯ ಪ್ರಯಾಣಿಕಳು ಬಂದು ‘ಅವನು’ ಕಾಣೆಯಾಗಿದ್ದಾನೆ ಎನ್ನುತ್ತಾಳೆ. ಕಂದು ಕಣ್ಣು, ರಾತ್ರಿ ನನ್ನ ಮಂಚದ ಮೇಲೇ ಮಲಗುತ್ತಾನೆ, ನನ್ನ ಗಂಡನನ್ನು ಕಂಡರೆ ಅವನಿಗೆ ಆಗುವುದಿಲ್ಲ ಎಂದೆಲ್ಲ ಹೇಳಿ, ಗುಮಾಸ್ತನ ಕಿವಿ ಕೆಂಪಾದ ಮೇಲೆ ಕೊನೆಗೆ ಬಾಲದ ಬಣ್ಣ ಹೇಳುತ್ತಾಳೆ. ಇಲ್ಲಿ ಶ್ಲೇಷೆಯೇ ಇಲ್ಲ. ಆದರೂ ಕನ್ನಡದಲ್ಲಿ ಕೈಕೊಟ್ಟಿತು, ಕಾರಣ ವ್ಯಾಕರಣ.

ಇಂಗ್ಲಿಷಿನವರು ಸಾಕಿದ ನಾಯಿಯನ್ನು ಮನುಷ್ಯನಂತೆಯೇ ‘ಹಿ’ ಎನ್ನುವುದು ವಾಡಿಕೆ. ನಮ್ಮಲ್ಲಿ ‘ಮಲಗುತ್ತದೆ’ ಎಂದರೆ ಪ್ರಾಣಿ ಎಂದು ಅಲ್ಲಿಯೇ ಬಯಲಾಗುತ್ತದೆ. ‘ಮಲಗುತ್ತಾನೆ’ ಎಂದರೆ ಬಾಲ ಬಂದಾಗ ಲೇಖಕ ಮೋಸ ಮಾಡಿದ ಎಂದು ಕೆಲವರಿಗಾದರೂ ಅನ್ನಿಸುತ್ತದೆ. ನಗರಗಳಲ್ಲಿ ನಾಯಿಗೆ ಅವನು ಎನ್ನುವವರು ಹೆಚ್ಚಾಗಿದ್ದಾರೆ ನಿಜ, ಎಲ್ಲರೂ ಅನ್ನುವುದಿಲ್ಲ. ಮನುಷ್ಯನ ಲಿಂಗವನ್ನಷ್ಟೇ ಮುಚ್ಚಬೇಕಿದ್ದರೆ ‘ಬಂದರು, ಹೋದರು’ ಎಂಬ ಬಹುವಚನದ ಗೌರವ ಸಾಕು. ಡಾಕ್ಟರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ನಾಯಿಗೆ ಅದು ಒಗ್ಗದು.

ದಾರಿ ಸಿಕ್ಕಿದ್ದು ನಿಷೇಧದಲ್ಲಿ. ಕನ್ನಡದಲ್ಲಿ ‘ಬರುತ್ತಾನೆ, ಬರುತ್ತಾಳೆ, ಬರುತ್ತದೆ’ ಎಂದು ಮೂರು ರೂಪ. ಆದರೆ ‘ಬರುವುದಿಲ್ಲ’ ಎಂಬುದು ಅವನಿಗೂ ಅವಳಿಗೂ ಅದಕ್ಕೂ ಒಂದೇ. ‘ಮಲಗುವ, ತಿನ್ನುವ’ ಎಂಬ ಕೃದಂತಗಳೂ ಹಾಗೆಯೇ, ಯಾರೆಂದು ಹೇಳುವುದಿಲ್ಲ. ಇಡೀ ಮಾತನ್ನು ಇವೆರಡರಿಂದಲೂ ನಾಮಪದಗಳಿಂದಲೂ ಕಟ್ಟಿದೆ:

‘ನಮ್ಮ ರಾಜ ಸಿಗುತ್ತಿಲ್ಲ. ಕಂದು ಕಣ್ಣು. ನಿದ್ದೆ ನನ್ನ ಮಂಚದಲ್ಲೇ. ನನ್ನನ್ನು ಬಿಟ್ಟರೆ ಬೇರೆ ಯಾರ ಕೈಯಿಂದಲೂ ಊಟ ಮಾಡುವುದಿಲ್ಲ. ನಮ್ಮ ಯಜಮಾನರನ್ನು ಕಂಡರಂತೂ ಆಗುವುದೇ ಇಲ್ಲ.’
‘ಯಜಮಾನರಿಗೆ ಗೊತ್ತೇ ಈ ವಿಷಯ?’
‘ಅವರೇ ತಂದದ್ದು. ಬರೆದುಕೊಳ್ಳಿ, ಬಾಲದ ತುದಿ ಬಿಳಿ.’

ಒಂದು ಕಡೆಯೂ ಸುಳ್ಳಿಲ್ಲ, ಒಂದು ಕಡೆಯೂ ಗುಟ್ಟು ಒಡೆಯುವುದಿಲ್ಲ. ‘ಬಾಲದ ತುದಿ ಬಿಳಿ’ ಎಂಬಲ್ಲಿ ಕ್ರಿಯಾಪದವೂ ಇಲ್ಲ, ಬಾಲವೂ ಇಲ್ಲ ಎನ್ನಬಹುದು. ನಟಿಗೆ ನಾನು ಕೊಟ್ಟ ಸೂಚನೆ ಒಂದೇ: ರಾಜ ಎಂದ ಮೇಲೆ ಯಾವ ಸರ್ವನಾಮವನ್ನೂ ಬಾಯಿಗೆ ತರಬೇಡಿ. ಒಂದು ಪ್ರದರ್ಶನದಲ್ಲಿ ಆಕೆ ಅಭ್ಯಾಸಬಲದಿಂದ ‘ಅದರ ಕಣ್ಣು ಕಂದು’ ಎಂದರು. ಆ ದಿನ ನಾಲ್ಕು ಸಾಲಿಗೂ ಸೊನ್ನೆ.

ಮಂಡ್ಯದ ಸಭಾಂಗಣ

ಪೋರ್ಟರನ ಪಾತ್ರ ಮೂಲದಲ್ಲಿ ಲಂಡನ್ನಿನ ಕಾಕ್ನಿ ಮಾತಾಡುತ್ತದೆ. ಅಲ್ಲಿ ಅದು ದುಡಿಯುವ ವರ್ಗದ ನುಡಿ. ಅವನು ಆ ನುಡಿಯಲ್ಲೇ ಗುಮಾಸ್ತನ ಠೇಂಕಾರವನ್ನು ಕುಟುಕುತ್ತಾನೆ. ಮೈಸೂರಿನ ಪ್ರದರ್ಶನಗಳಲ್ಲಿ ನಾವು ಅವನಿಗೆ ಮಂಡ್ಯದ ಆಡುನುಡಿ ಕೊಟ್ಟಿದ್ದೆವು. ಅವನು ಬಾಯಿ ತೆರೆದರೆ ನಗು. ಅಂಚಿನ ತುಂಬ ಗೆರೆಗಳು.

ಆಮೇಲೆ ಮಂಡ್ಯಕ್ಕೆ ಕರೆ ಬಂತು. ರೈಲಿನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಒಂದು ಗಂಟೆಯೊಳಗೆ ತಲುಪುವ ಊರು. ನನ್ನ ಸೋದರಮಾವ ಅಲ್ಲಿಯವರು, ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಗಂಟಿಗೆ ನಕ್ಕರು, ನಾಯಿಗೆ ನಕ್ಕರು. ಪೋರ್ಟರ್ ಮಾತಿಗೆ ಸಭಾಂಗಣ ಸುಮ್ಮನಿತ್ತು. ಮುಗಿದ ಮೇಲೆ ಮಾವ ನನ್ನನ್ನು ಪಕ್ಕಕ್ಕೆ ಕರೆದು, ‘ಅವನು ಹೇಳಿದ್ದರಲ್ಲಿ ತಮಾಷೆ ಏನಿತ್ತಪ್ಪ? ನಾವು ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದರು. ನನಗೆ ನಾಚಿಕೆಯಾಯಿತು.

ಮೂಲದಲ್ಲಿ ನಗೆಗೆ ಗುರಿಯಾದವನು ಠೇಂಕಾರದ ಗುಮಾಸ್ತ. ನಾವು ಮಾಡಿದ ಬದಲಾವಣೆಯಲ್ಲಿ ಗುರಿ ಸದ್ದಿಲ್ಲದೆ ಮಂಡ್ಯದ ರೈತನ ಕಡೆಗೆ ತಿರುಗಿತ್ತು, ಮೈಸೂರಿನ ಜನ ನಕ್ಕದ್ದು ಅವನ ಉಚ್ಚಾರಕ್ಕೆ. ಅತ್ತಾರ್ಡೊ ಏಣಿಯಲ್ಲಿ ಗುರಿ ಭಾಷೆಗಿಂತ ಮೇಲಿರುವುದು ಸುಮ್ಮನೆ ಅಲ್ಲ. ಒಂದು ಉಪಭಾಷೆಗೆ ಇನ್ನೊಂದು ಉಪಭಾಷೆಯನ್ನು ಎದುರಿಟ್ಟರೆ ಪದದ ಮಟ್ಟದಲ್ಲಿ ನಿಷ್ಠೆ ಉಳಿದಂತೆ ಕಾಣುತ್ತದೆ, ಆದರೆ ಹೊಡೆತ ಬೀಳುವುದು ಬೇರೆಯವರ ಮೇಲೆ. ಈ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಪ್ರಾದೇಶಿಕ ನುಡಿಯನ್ನು ಬರೀ ನಗೆಗಾಗಿ ಅನುವಾದಕ್ಕೆ ತರಬಾರದು.

ಪೋರ್ಟರನಿಗೆ ಹೊಸ ಮಾತು ಬೇಕಾಯಿತು. ಗುರಿ ಮತ್ತೆ ಕಚೇರಿಯ ಕಡೆಗೆ ತಿರುಗಬೇಕಿದ್ದರಿಂದ ಅವನಿಗೆ ಸರ್ಕಾರಿ ಸುತ್ತೋಲೆಯ ಕನ್ನಡ ಕೊಟ್ಟೆ. ವರ್ಷಗಟ್ಟಲೆ ಗುಮಾಸ್ತನ ಪಕ್ಕದಲ್ಲಿ ನಿಂತು ಕಲಿತವನು ಈತ. ‘ನಾಯಿ ಬೊಗಳುತ್ತಿದೆ’ ಎನ್ನುವ ಬದಲು ‘ಸದರಿ ನಾಯಿಯು ಮೇಲ್ಕಂಡ ಸ್ಥಳದಲ್ಲಿ ಬೊಗಳುತ್ತಿರುವುದು ಕಂಡುಬಂದಿರುತ್ತದೆ’ ಎನ್ನುತ್ತಾನೆ. ಸದರಿ ಎಂಬ ಪದವನ್ನು ಪಹಣಿಗಾಗಿ ತಾಲೂಕು ಕಚೇರಿಗೆ ಅಲೆದವರೆಲ್ಲ ಬಲ್ಲರು. ಇಲ್ಲಿ ನಾನೇ ಹೇಳಿದ ನಿಯಮ ತಲೆಕೆಳಗಾಯಿತು: ವಾಕ್ಯದ ಕೊನೆಯ ಬಾಲ ಎಷ್ಟು ಉದ್ದವಾದರೆ ಅಷ್ಟು ನಗು. ‘ಕಂಡುಬಂದಿರುತ್ತದೆ’ ಎಂಬಲ್ಲಿಯೇ ಜನ ಬಿದ್ದು ನಗುತ್ತಿದ್ದರು, ಮೈಸೂರಿನಲ್ಲೂ, ಎರಡನೆಯ ಸಲ ಹೋದಾಗ ಮಂಡ್ಯದಲ್ಲೂ.

ಬಿಟ್ಟದ್ದು, ಬೇರೆ ಕಡೆ ಪಡೆದದ್ದು

ಒಂದನ್ನು ಉಳಿಸಲಾಗಲಿಲ್ಲ. ಗುಮಾಸ್ತ ‘ದೇರ್ ವಿಲ್ ಬಿ ಎ ವೇಟ್’ ಎನ್ನುತ್ತಾನೆ, ಪ್ರಯಾಣಿಕ ‘ಹೌ ಹೆವಿ?’ ಎಂದು ಕೇಳುತ್ತಾನೆ. ಕಾಯುವಿಕೆಗೂ ತೂಕಕ್ಕೂ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರ. ಕನ್ನಡದಲ್ಲಿ ‘ಕಾಯು’ ಎಂದರೆ ಬಿಸಿಯಾಗುವುದೂ ಹೌದಲ್ಲ ಎಂದುಕೊಂಡು ‘ಎಷ್ಟು ಹೊತ್ತು ಕಾಯಬೇಕು?’ ‘ನೀರಾದರೆ ಹತ್ತು ನಿಮಿಷ’ ಎಂದು ಬರೆದೆ. ಸೊನ್ನೆ ಬಿತ್ತು. ಸದ್ದಿನ ಆಟ ಉಳಿದಿತ್ತು. ಆದರೆ ಸಾಮಾನಿನ ಕಚೇರಿಗೆ ತೂಕ ಸಲ್ಲುವಂತೆ ನೀರು ಕಾಯಿಸುವುದು ಸಲ್ಲುವುದಿಲ್ಲ. ಆ ಸಾಲನ್ನು ಹೊಡೆದುಹಾಕಿದೆ.

ಆದರೆ ದೃಶ್ಯದ ಲಯಕ್ಕೆ ಆ ಭಾಗದಲ್ಲಿ ಒಂದು ನಗು ಬೇಕಿತ್ತು. ಅದು ಅದೇ ಜಾಗದಲ್ಲಿ ಬರಬೇಕೆಂದಿಲ್ಲ. ಆರು ಸಾಲು ಕೆಳಗೆ ಮೂರನೆಯ ಪ್ರಯಾಣಿಕ ತನ್ನ ಕೊಡೆಯನ್ನು ಗುರುತಿಸುತ್ತಾನೆ, ರಸೀದಿ ಇಲ್ಲದ ಕಾರಣ ಗುಮಾಸ್ತ ಕೊಡುವುದಿಲ್ಲ. ಮೂಲದಲ್ಲಿ ಅಲ್ಲಿ ನಗೆಯೇ ಇಲ್ಲ. ಕನ್ನಡ ಅದನ್ನು ಉಚಿತವಾಗಿ ಕೊಟ್ಟಿತು:

‘ಅದು ನನ್ನ ಕೊಡೆ.’
‘ನಾನೂ ಅದನ್ನೇ ಹೇಳುತ್ತಿರುವುದು. ಕೊಡೆ.’

ಹಳೆಯ ನಿಷೇಧ ರೂಪದಲ್ಲಿ ಕೊಡೆ ಎಂದರೆ ಕೊಡಲಾರೆ, ಒಲ್ಲೆ ಎಂಬಂತೆ. ಮೈಸೂರಿನ ಹಿರಿಯರು ಇದಕ್ಕೆ ತಟ್ಟನೆ ನಕ್ಕರು. ಒಂದು ಕಾಲೇಜಿನಲ್ಲಿ ಆಡಿದಾಗ ಹುಡುಗರು ಸುಮ್ಮನೆ ನೋಡಿದರು. ಆ ರೂಪ ಅವರ ಬಳಕೆಯಲ್ಲಿ ಇಲ್ಲ. ಎಲ್ಲರಿಗೂ ಉಳಿದಿರುವುದು ‘ನಾ ಕೊಡೆ, ನೀ ಬಿಡೆ’ ಎಂಬ ಒಂದು ನುಡಿಗಟ್ಟಿನಲ್ಲಿ, ಅದೂ 2 ಪಕ್ಷಗಳ ಜಗಳದ ಪತ್ರಿಕಾ ಶೀರ್ಷಿಕೆಯಾಗಿ. ಹಾಸ್ಯದ ನಂತರ ವಿವರಿಸಿದರೆ ಅದು ಪಾಠವಾಗುತ್ತದೆ. ವಿವರಣೆ ಮೊದಲೇ, ಯಾರಿಗೂ ಗೊತ್ತಾಗದಂತೆ ಬರಬೇಕು. ಆದ್ದರಿಂದ ನಾಲ್ಕು ಸಾಲು ಮೇಲೆ, ನಾಯಿಯ ಒಡತಿ ಮತ್ತು ಗುಮಾಸ್ತ ಹಗ್ಗ ಹಿಡಿದು ಎಳೆದಾಡುವಾಗ, ಪೋರ್ಟರನ ಬಾಯಲ್ಲಿ ಒಂದು ಮಾತು ಹಾಕಿದೆ: ‘ನಾ ಕೊಡೆ, ನೀ ಬಿಡೆ ಎಂಬ ಸ್ಥಿತಿಯು ಉಂಟಾಗಿರುತ್ತದೆ.’ ಆ ಮಾತಿಗೆ ಯಾರೂ ವಿಶೇಷವಾಗಿ ನಗಬೇಕಿಲ್ಲ, ಕಿವಿಗೆ ಬಿದ್ದರೆ ಸಾಕು.

ಅದೇ ಕಾಲೇಜಿನ ಇನ್ನೊಂದು ತರಗತಿಯವರ ಮುಂದೆ ಮುಂದಿನ ತಿಂಗಳು ಆಡಿದೆವು. ಗುಮಾಸ್ತ ಕೊಡೆಯನ್ನು ಎದೆಗೆ ಅವುಚಿಕೊಂಡು ‘ಕೊಡೆ’ ಎಂದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎಡಗಡೆಯ ಬೆಂಚಿನಿಂದ ಒಬ್ಬಳು ನಕ್ಕಳು, ಅವಳ ಹಿಂದೆ ಸಾಲು ಸಾಲಾಗಿ ಉಳಿದವರು. ಅಂಚಿನಲ್ಲಿ ಚುಕ್ಕೆ ಇಟ್ಟಿದ್ದೇನೆ.